‘ಆಲ್ಫಾ 0.7ಕ್ಕಿಂತ ಜಾಸ್ತಿ ಇದೆ’: ಒಂದು ಪ್ಯಾರಾದ ರಿಪೇರಿ

ರಿಪೇರಿ ಆಗಬೇಕಾದ ಪ್ಯಾರಾ ಇದು:

‘ಈ ಅಧ್ಯಯನದಲ್ಲಿ ಪ್ರಮಾಣೀಕೃತ ಪ್ರಶ್ನಾವಳಿಯನ್ನು ಬಳಸಲಾಗಿದೆ. ಇದರ ಕ್ರೋನ್‌ಬ್ಯಾಕ್ ಆಲ್ಫಾ 0.7ಕ್ಕಿಂತ ಹೆಚ್ಚಿದ್ದು, ಸಾಧನವು ವಿಶ್ವಾಸಾರ್ಹ ಮತ್ತು ಸಪ್ರಮಾಣವಾಗಿದೆ ಎಂದು ತಿಳಿದುಬಂದಿದೆ.’

ಎಂ.ಎಡ್, ಮನೋವಿಜ್ಞಾನ, ವಾಣಿಜ್ಯ, ಸಮಾಜಕಾರ್ಯ, ಯಾವ ವಿಭಾಗದ ಪ್ರಬಂಧ ತೆಗೆದರೂ ಮೂರನೇ ಅಧ್ಯಾಯದಲ್ಲಿ ‘ಸಂಶೋಧನಾ ಸಾಧನ’ ಅಂತ ತಲೆಬರಹ ಇರುತ್ತದೆ, ಅದರ ಕೆಳಗೆ ಹೆಚ್ಚೂಕಡಿಮೆ ಇದೇ ಸಾಲುಗಳು ಇರುತ್ತವೆ. ಓದಲು ಏನೂ ತೊಂದರೆ ಇಲ್ಲ. ಆದರೆ ಕೇಳಬೇಕಾದ್ದು ಒಂದಕ್ಕೂ ಇಲ್ಲಿ ಉತ್ತರ ಇಲ್ಲ. ಆಲ್ಫಾ ಅಂದರೆ ಒಂದು ಮಾಪಕದ ಹೇಳಿಕೆಗಳಿಗೆ ಬಂದ ಉತ್ತರಗಳು ಪರಸ್ಪರ ಎಷ್ಟು ಕೂಡಿಕೊಳ್ಳುತ್ತವೆ ಅನ್ನುವುದರ ಅಳತೆ. ಆ ಆಲ್ಫಾ ಯಾರದ್ದು? ಪ್ರಶ್ನಾವಳಿ ಮಾಡಿದವರದ್ದೋ, ನಿಮ್ಮ ಸ್ಯಾಂಪಲ್‌ನದ್ದೋ? ಎಷ್ಟು ಹೇಳಿಕೆಗಳಿದ್ದವು? ಯಾವುದನ್ನು ತಿರುಗಿಸಿ ಅಂಕ ಕೊಟ್ಟಿರಿ? ಕೊನೆಗೆ ‘ಸಪ್ರಮಾಣ’, ಅಂದರೆ ಅಳೆಯಬೇಕಾದ್ದನ್ನೇ ಅಳೆಯುತ್ತದೆ ಅನ್ನುವ ಮಾತು, ಎಲ್ಲಿಂದ ಬಂತು? ಆಲ್ಫಾ ಅದರ ಬಗ್ಗೆ ಏನೂ ಹೇಳುವುದಿಲ್ಲವಲ್ಲ.

ಬೇರೆಯವರ ಡೇಟಾ ಇಲ್ಲಿ ಹಾಕುವ ಹಾಗಿಲ್ಲ. ಅದಕ್ಕೆ ಎಲ್ಲರಿಗೂ ಸಿಗುವ ಡೇಟಾ ಒಂದನ್ನು ತೆಗೆದುಕೊಂಡಿದ್ದೇನೆ. R ತಂತ್ರಾಂಶದ psychTools ಪ್ಯಾಕೇಜಿನಲ್ಲಿ bfi ಅಂತ ಒಂದಿದೆ. 2,800 ಜನ ಇಂಟರ್ನೆಟ್ ಮೂಲಕ 25 ಹೇಳಿಕೆಗಳಿಗೆ ಉತ್ತರ ಕೊಟ್ಟಿದ್ದು. ಐದು ವ್ಯಕ್ತಿತ್ವ ಗುಣಗಳು, ಒಂದೊಂದಕ್ಕೂ ಐದೈದು ಹೇಳಿಕೆ. ಉತ್ತರ 1ರಿಂದ 6ರವರೆಗೆ. 1 ಅಂದರೆ ‘ನನಗೆ ಸ್ವಲ್ಪವೂ ಹೊಂದುವುದಿಲ್ಲ’, 6 ಅಂದರೆ ‘ಪೂರ್ತಿ ಹೊಂದುತ್ತದೆ’. ಒಂದು ಸಣ್ಣ ವಿಷಯ: ಇದರಲ್ಲಿ ವಯಸ್ಸಿನ ಕಾಲಂ ನೋಡಿದರೆ ಕನಿಷ್ಠ 3 ಅಂತ ಇದೆ! ಮೂರು ವರ್ಷದ ಮಗು ವ್ಯಕ್ತಿತ್ವದ ಪ್ರಶ್ನಾವಳಿ ತುಂಬಿರಲಾರದು. ಆನ್‌ಲೈನ್ ಡೇಟಾ ಅಂದರೆ ಹೀಗೆಯೇ, ಆಲ್ಫಾ ತೆಗೆಯುವ ಮೊದಲು ಒಮ್ಮೆ ಕಣ್ಣು ಹಾಯಿಸಬೇಕು. ಇಲ್ಲಿ ಮಾತ್ರ ನಿಮಗೂ ನನಗೂ ಅದೇ ಸಂಖ್ಯೆ ಬರಲಿ ಅಂತ ಏನನ್ನೂ ತೆಗೆದುಹಾಕಿಲ್ಲ.

ಐದರಲ್ಲಿ ಅಗ್ರೀಯಬಲ್‌ನೆಸ್ ಅನ್ನೋ ಗುಣವನ್ನು ಆರಿಸಿಕೊಂಡೆ. ಸೌಹಾರ್ದ ಗುಣ ಅನ್ನೋಣ. ಇಂಗ್ಲಿಷ್‌ನಲ್ಲಿರುವ ಅದರ ಐದು ಹೇಳಿಕೆಗಳ ಅರ್ಥ ಹೀಗೆ. A1: ಬೇರೆಯವರ ಭಾವನೆಗಳ ಬಗ್ಗೆ ನನಗೆ ಲಕ್ಷ್ಯವಿಲ್ಲ. A2: ಬೇರೆಯವರ ಯೋಗಕ್ಷೇಮ ವಿಚಾರಿಸುತ್ತೇನೆ. A3: ಬೇರೆಯವರನ್ನು ಸಮಾಧಾನ ಮಾಡುವುದು ಹೇಗೆಂದು ಗೊತ್ತು. A4: ಮಕ್ಕಳೆಂದರೆ ತುಂಬಾ ಇಷ್ಟ. A5: ಜನ ನನ್ನ ಜತೆ ಹಾಯಾಗಿರುವಂತೆ ನೋಡಿಕೊಳ್ಳುತ್ತೇನೆ.

ಮೊದಲು ಇದ್ದದ್ದನ್ನು ಇದ್ದ ಹಾಗೆ ಓಡಿಸಿದ್ದು

```
library(psych)
library(psychTools)
data(bfi)
A <- bfi[, c("A1","A2","A3","A4","A5")]
alpha(A)
```

ಬಂದ ಆಲ್ಫಾ 0.43. ಜತೆಗೆ R ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: A1 ಒಟ್ಟು ಅಂಕಕ್ಕೆ ಉಲ್ಟಾ ಹೋಗುತ್ತಿದೆ, ಬಹುಶಃ ಅದನ್ನು ತಿರುಗಿಸಬೇಕು ಅಂತ.

ನಮ್ಮಲ್ಲಿ ಹೆಚ್ಚಿನವರು ಬಳಸುವುದು SPSS. ಅಲ್ಲಿ Analyze, Scale, Reliability Analysis ಅಂತ ಹೋಗಿ ಇದೇ ಐದನ್ನು ಹಾಕಿದರೆ ಅದು ಸುಮ್ನೆ .43 ಅಂತ ಅಚ್ಚು ಮಾಡಿ ಕೂರುತ್ತದೆ. ಆಲ್ಫಾ ಸೊನ್ನೆಗಿಂತ ಕೆಳಗೆ ಇಳಿದರೆ ಮಾತ್ರ SPSS ಗಲಾಟೆ ಮಾಡುವುದು. ಐದರಲ್ಲಿ ಒಂದೇ ಹೇಳಿಕೆ ಉಲ್ಟಾ ಇದ್ದರೆ ಆಲ್ಫಾ ಅಷ್ಟು ಕೆಳಗೆ ಹೋಗಲಿಕ್ಕಿಲ್ಲ, ಸುಮ್ನೆ ಕುಗ್ಗಿ ನಿಲ್ಲುತ್ತದೆ. ಅದಕ್ಕೇ ಈ ದೋಷ ಎಷ್ಟೋ ಪ್ರಬಂಧಗಳಲ್ಲಿ ಕೊನೆಯವರೆಗೂ ಯಾರ ಕಣ್ಣಿಗೂ ಬೀಳದೆ ದಾಟಿಬಿಡುತ್ತದೆ.

ಈಗ ಔಟ್‌ಪುಟ್‌ನಲ್ಲಿ ಕೆಳಗೆ ಬರುವ ಟೇಬಲ್ ನೋಡಿ, ‘ಈ ಹೇಳಿಕೆ ತೆಗೆದರೆ ಆಲ್ಫಾ ಎಷ್ಟಾಗುತ್ತದೆ’ ಅಂತ ಹೇಳುವ ಟೇಬಲ್. A1 ತೆಗೆದರೆ 0.72 ಆಗುತ್ತದೆ ಅಂತ ಇದೆ. ಉಳಿದ ಯಾವುದನ್ನು ತೆಗೆದರೂ 0.3ಕ್ಕಿಂತ ಕೆಳಗೆ ಬೀಳುತ್ತದೆ. ಇದೇ ಬಲೆ. 0.43 ನೋಡಿ ಗಾಬರಿಯಾದವರಿಗೆ 0.72 ಕಂಡರೆ ಕೈ ತಾನಾಗಿ A1 ಡಿಲೀಟ್ ಮಾಡಲು ಹೋಗುತ್ತದೆ. ಆಮೇಲೆ ‘ಒಂದು ಹೇಳಿಕೆಯನ್ನು ಕೈಬಿಟ್ಟ ನಂತರ ವಿಶ್ವಾಸಾರ್ಹತೆ ಸುಧಾರಿಸಿತು’ ಅಂತ ಒಂದು ಸಾಲು. ಗೈಡ್ ಕೂಡ ಸಹಿ ಹಾಕುತ್ತಾರೆ. ಹೇಳಿಕೆಯಲ್ಲಿ ಏನೂ ತಪ್ಪಿರಲಿಲ್ಲ, ಅಂಕ ಕೊಟ್ಟ ದಿಕ್ಕು ತಪ್ಪಿತ್ತು ಅಷ್ಟೆ.

ಉಲ್ಟಾ ಹೇಳಿಕೆಯೋ, ಕೆಟ್ಟ ಹೇಳಿಕೆಯೋ

ಇವೆರಡನ್ನು ಬೇರೆ ಮಾಡಿ ಗುರುತಿಸಲು ಒಂದೊಂದು ಜೋಡಿಯ ಸಹಸಂಬಂಧ ನೋಡಬೇಕು. ಸುಲಭ ಕೆಲಸ:

```
round(cor(A, use = "pairwise"), 2)
```

A1ಕ್ಕೆ ಉಳಿದ ನಾಲ್ಕರ ಜತೆ ಇರುವ ಸಹಸಂಬಂಧ ಕ್ರಮವಾಗಿ −0.34, −0.27, −0.15, −0.18. ಉಳಿದ ನಾಲ್ಕು ತಮ್ಮತಮ್ಮಲ್ಲಿ 0.31ರಿಂದ 0.50ರವರೆಗೆ ಇವೆ. A1 ಎಲ್ಲರ ಜತೆಗೂ ಮೈನಸ್, ಒಂದೂ ಸೊನ್ನೆಯ ಹತ್ತಿರ ಇಲ್ಲ. ಅಂದರೆ ಅದೂ ಇದೇ ಗುಣವನ್ನು ಅಳೆಯುತ್ತಿದೆ, ಎದುರು ದಿಕ್ಕಿನಿಂದ. ಹೇಳಿಕೆಯನ್ನು ಓದಿದರೂ ಅದೇ ಅರ್ಥ, ‘ಲಕ್ಷ್ಯವಿಲ್ಲ’ ಅಂತ ತಾನೇ ಇರುವುದು. ಹೇಳಿಕೆ ನಿಜವಾಗಿಯೂ ಕೆಟ್ಟದಾಗಿದ್ದರೆ ಚಿತ್ರ ಬೇರೆ ಇರುತ್ತಿತ್ತು: ಒಂದರ ಜತೆ 0.05, ಇನ್ನೊಂದರ ಜತೆ −0.03, ಹೀಗೆ ಯಾರ ಜತೆಗೂ ಸಂಬಂಧವೇ ಇಲ್ಲದಂತೆ. ಅಂಥದ್ದನ್ನು ತಿರುಗಿಸಿದರೂ ಏನೂ ಬದಲಾಗುವುದಿಲ್ಲ.

ತಿರುಗಿಸುವುದು ಹೇಗೆ? ಉತ್ತರ 1ರಿಂದ 6 ಇದ್ದರೆ 7ರಿಂದ ಕಳೆಯಬೇಕು. 1ರಿಂದ 5 ಇದ್ದರೆ 6ರಿಂದ. ಕೆಲವು ಫಾರಂಗಳು 0ರಿಂದ 4 ಅಂತ ಕೊಡುತ್ತವೆ, ಅಲ್ಲಿ 4ರಿಂದ ಕಳೆಯಬೇಕು, 5ರಿಂದ ಅಲ್ಲ. ತಪ್ಪು ಸಂಖ್ಯೆಯಿಂದ ಕಳೆದರೆ ಆಲ್ಫಾ ಸರಿಯಾಗಿಯೇ ಬರುತ್ತದೆ, ಏಕೆಂದರೆ ಎಲ್ಲರಿಗೂ ಒಂದೇ ಅಂಕ ಕೂಡಿದರೆ ಸಹಸಂಬಂಧ ಬದಲಾಗುವುದಿಲ್ಲ. ಸರಾಸರಿ ಮಾತ್ರ ಕೆಡುತ್ತದೆ. ಹಾಗಾಗಿ ತಿರುಗಿಸಿದ ಮೇಲೆ ಆ ಕಾಲಂನ ಕನಿಷ್ಠ, ಗರಿಷ್ಠ ನೋಡುವುದನ್ನು ಮರೆಯಬೇಡಿ.

```
A$A1 <- 7 - A$A1
range(A$A1, na.rm = TRUE)
alpha(A)
```

ಇನ್ನೊಂದು ಅಪಾಯ ಎರಡು ಸಲ ತಿರುಗಿಸುವುದು. ಡೇಟಾ ಎಂಟ್ರಿ ಮಾಡಿದವರು ಎಕ್ಸೆಲ್‌ನಲ್ಲೇ ಒಮ್ಮೆ ತಿರುಗಿಸಿರುತ್ತಾರೆ, ಅದು ಗೊತ್ತಿಲ್ಲದೆ ನೀವು ಮತ್ತೊಮ್ಮೆ ತಿರುಗಿಸುತ್ತೀರಿ, ಅಲ್ಲಿಗೆ ಮೊದಲಿನ ಜಾಗಕ್ಕೇ ವಾಪಸ್. ಇದಕ್ಕೆ ಮದ್ದು ಒಂದೇ. ಮೂಲ ಕಾಲಂ ಹಾಗೇ ಬಿಟ್ಟು, ತಿರುಗಿಸಿದ್ದಕ್ಕೆ ಬೇರೆ ಹೆಸರು ಕೊಡುವುದು, A1_r ಅಂತಲೋ ಏನೋ. ಮೇಲಿನ ಕೋಡ್‌ನಲ್ಲಿ ನಾನು ಚಿಕ್ಕದಾಗಿರಲಿ ಅಂತ ಅದರ ಮೇಲೇ ಬರೆದಿದ್ದೇನೆ, ನಿಮ್ಮ ಪ್ರಬಂಧದಲ್ಲಿ ಹಾಗೆ ಮಾಡಬೇಡಿ.

R ತಾನೇ ತಿರುಗಿಸುವ ಸೌಲಭ್ಯವೂ ಇದೆ, check.keys=TRUE ಅಂತ ಕೊಟ್ಟರೆ ಸಾಕು. ನನಗೆ ಅದು ಇಷ್ಟವಿಲ್ಲ. ಅದು ಡೇಟಾ ನೋಡಿ ನಿರ್ಧರಿಸುತ್ತದೆ, ಹೇಳಿಕೆಯನ್ನು ಓದಿ ಅಲ್ಲ. ನೇರವಾಗಿಯೇ ಇರುವ ಹೇಳಿಕೆಯೊಂದು ಅನುವಾದ ಕೆಟ್ಟು ಉಲ್ಟಾ ಹೋಗುತ್ತಿದ್ದರೆ ಅದನ್ನೂ ತಿರುಗಿಸಿ ಆಲ್ಫಾ ಚೆಂದ ಮಾಡಿ ಕೊಡುತ್ತದೆ. ನಿಮಗೆ ಗೊತ್ತಾಗಬೇಕಿದ್ದ ದೋಷ ಮುಚ್ಚಿಹೋಗುತ್ತದೆ. ಯಾವುದು ಉಲ್ಟಾ ಅನ್ನುವುದು ಪ್ರಶ್ನಾವಳಿಯ ಕೈಪಿಡಿಯಲ್ಲಿ ಇರುತ್ತದೆ, ಅಲ್ಲಿಂದ ತೆಗೆದುಕೊಳ್ಳಿ.

ಎರಡನೇ ಓಟ

ಈಗ ಆಲ್ಫಾ 0.70. ಶೇ. 95ರ ವಿಶ್ವಾಸಾಂತರ 0.69ರಿಂದ 0.72. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ ಮೊದಲು 0.15 ಇದ್ದದ್ದು 0.33 ಆಗಿದೆ.

ಆಲ್ಫಾ ಬಿಟ್ಟು ಇನ್ನೊಂದು ಕಡೆ ನೋಡಿ. ಮೊದಲ ಓಟದಲ್ಲಿ ಮಾಪಕದ ಸರಾಸರಿ ಅಂಕ 4.2, ಪ್ರಮಾಣ ವಿಚಲನೆ 0.74 ಇತ್ತು. ಈಗ 4.7 ಮತ್ತು 0.90. ತಿರುಗಿಸದೇ ಹೋಗಿದ್ದರೆ ನಾಲ್ಕನೇ ಅಧ್ಯಾಯದ ಪ್ರತಿಯೊಂದು ಸರಾಸರಿ, ಪ್ರತಿಯೊಂದು ಟಿ-ಟೆಸ್ಟ್ ತಪ್ಪಾಗುತ್ತಿತ್ತು. ಆಲ್ಫಾ ಲೆಕ್ಕ ಹಾಕುವ ದೊಡ್ಡ ಉಪಯೋಗ ನನ್ನ ಪ್ರಕಾರ ಇದೇ. ವರದಿಗೆ ಒಂದು ಸಂಖ್ಯೆ ಸಿಗುವುದು ಆಮೇಲಿನ ಮಾತು.

ಈಗಿನ ಟೇಬಲ್‌ನಲ್ಲಿ r.drop ಅಂತ ಒಂದು ಕಾಲಂ ಇದೆ. ಒಂದು ಹೇಳಿಕೆಗೂ ಉಳಿದ ನಾಲ್ಕರ ಮೊತ್ತಕ್ಕೂ ಇರುವ ಸಹಸಂಬಂಧ ಅದು. A1ಕ್ಕೆ 0.31, A2ಕ್ಕೆ 0.56, A3ಕ್ಕೆ 0.59, A4ಕ್ಕೆ 0.39, A5ಕ್ಕೆ 0.49. ಸಾಮಾನ್ಯವಾಗಿ 0.30ಕ್ಕಿಂತ ಕೆಳಗಿದ್ದರೆ ಆ ಹೇಳಿಕೆಯನ್ನು ಕೈಗೆತ್ತಿಕೊಂಡು ಪರೀಕ್ಷಿಸುತ್ತಾರೆ. A1 ಗಡಿಯ ಮೇಲೇ ನಿಂತಿದೆ. A4 ಕಡಿಮೆ ಇರುವುದಕ್ಕೆ ಆಶ್ಚರ್ಯ ಇಲ್ಲ, ಮಕ್ಕಳನ್ನು ಇಷ್ಟಪಡುವವರೆಲ್ಲ ದೊಡ್ಡವರ ಜತೆಗೂ ಸೌಹಾರ್ದವಾಗಿರಬೇಕು ಅಂತೇನಿಲ್ಲ ಅಲ್ವಾ.

A1 ತೆಗೆದರೆ ಆಲ್ಫಾ ಈಗಲೂ 0.72 ಆಗುತ್ತದೆ, ಅಂದರೆ 0.02 ಲಾಭ. ತೆಗೆಯಬೇಕೆ?

ನಾನು ತೆಗೆಯುವುದಿಲ್ಲ. ಒಂದು, ಐದರಲ್ಲಿ ಉಲ್ಟಾ ದಿಕ್ಕಿನ ಹೇಳಿಕೆ ಇದೊಂದೇ. ಓದದೇ ಎಲ್ಲದಕ್ಕೂ ‘ಹೊಂದುತ್ತದೆ’ ಅಂತ ಟಿಕ್ ಹಾಕುತ್ತಾ ಹೋಗುವವರ ಪ್ರಭಾವವನ್ನು ಸ್ವಲ್ಪವಾದರೂ ತಡೆಯುವುದು ಇದೇ. ಅದನ್ನು ತೆಗೆದಾಗ ಆಲ್ಫಾ ಏರುವುದರಲ್ಲಿ ಒಂದು ಪಾಲು, ಉಳಿದ ನಾಲ್ಕೂ ಒಂದೇ ದಿಕ್ಕಿಗೆ ಬರೆದಿರುವುದರಿಂದಲೇ ಬಂದಿರಬಹುದು. ಎರಡು, ಬೇರೆಯವರು ಇದೇ ಐದು ಹೇಳಿಕೆ ಬಳಸಿದ ಅಧ್ಯಯನಗಳ ಜತೆ ನಿಮ್ಮ ಸರಾಸರಿಯನ್ನು ಹೋಲಿಸಲು ಆಗುವುದಿಲ್ಲ, ನಿಮ್ಮದು ಈಗ ಬೇರೆ ಮಾಪಕ. ಮೂರು, ಯಾವುದನ್ನು ತೆಗೆದರೆ ಆಲ್ಫಾ ಜಾಸ್ತಿ ಆಗುತ್ತದೆ ಅಂತ ಇದೇ ಡೇಟಾದಲ್ಲಿ ಹುಡುಕಿ, ತೆಗೆದು, ಇದೇ ಡೇಟಾದಲ್ಲಿ ಬಂದ ಹೊಸ ಆಲ್ಫಾವನ್ನು ವರದಿ ಮಾಡಿದರೆ, ಸ್ಯಾಂಪಲ್ ಚಿಕ್ಕದಿದ್ದಾಗ ಅದು ಸುಳ್ಳೇ ಚೆನ್ನಾಗಿ ಕಾಣುತ್ತದೆ, ಮುಂದಿನ ಸ್ಯಾಂಪಲ್‌ನಲ್ಲಿ ಉಳಿಯುವುದಿಲ್ಲ. ತೆಗೆಯಲೇಬೇಕಾದ ಸಂದರ್ಭ ಇಲ್ಲ ಅಂತಲ್ಲ. ಅನುವಾದದಲ್ಲಿ ಅರ್ಥ ಕೆಟ್ಟಿದೆ ಅಂತ ಉತ್ತರಿಸಿದವರ ಮಾತಿನಿಂದಲೇ ಗೊತ್ತಾದರೆ ತೆಗೆಯಿರಿ, ಆದರೆ ಮೊದಲಿನ ಆಲ್ಫಾ, ನಂತರದ ಆಲ್ಫಾ, ಕಾರಣ, ಮೂರನ್ನೂ ಬರೆಯಿರಿ.

0.70 ಅಂದರೆ ಒಳ್ಳೆಯದೋ, ಸಾಲದೋ

ಇಲ್ಲಿಯವರೆಗೆ ಮಾಡಿದ್ದು ಲೆಕ್ಕ. ಇನ್ನು ಅದಕ್ಕೆ ಅರ್ಥ ಹೇಳಬೇಕು, ಪ್ಯಾರಾ ಸೋಲುವುದೇ ಇಲ್ಲಿ.

0.7 ಅನ್ನುವ ಗೆರೆಗೆ ಎಲ್ಲರೂ ಹೆಸರಿಸುವುದು ಜಮ್ ನನಲಿಯವರನ್ನು, ಅವರ ‘ಸೈಕೋಮೆಟ್ರಿಕ್ ಥಿಯರಿ’ಯ 1978ರ ಆವೃತ್ತಿಯನ್ನು. ಅವರು ಅಲ್ಲಿ ಹೇಳಿದ್ದು ಒಂದೇ ಗೆರೆ ಅಲ್ಲ. ಸಂಶೋಧನೆಯ ಆರಂಭದ ಹಂತದಲ್ಲಿ 0.70 ಸಾಕು, ಮೂಲ ಸಂಶೋಧನೆಗೆ 0.80, ಒಬ್ಬೊಬ್ಬ ವ್ಯಕ್ತಿಯ ಬಗ್ಗೆ ಮುಖ್ಯ ತೀರ್ಮಾನ ತೆಗೆದುಕೊಳ್ಳುವುದಿದ್ದರೆ ಕನಿಷ್ಠ 0.90, ಇನ್ನೂ 0.95 ಇದ್ದರೆ ಒಳ್ಳೆಯದು ಅಂತ. ನಾವು ಮೊದಲ ಸಾಲು ಮಾತ್ರ ಓದಿಕೊಂಡಿದ್ದೇವೆ! ಹಾಗಾಗಿ ‘0.70 ಸಾಕೇ’ ಅನ್ನುವ ಪ್ರಶ್ನೆಗೆ ಮೊದಲು ‘ಯಾತಕ್ಕೆ’ ಅಂತ ಕೇಳಬೇಕು.

ನಮ್ಮ ಐದು ಹೇಳಿಕೆಗಳ ಮಾಪಕವನ್ನೇ ತೆಗೆದುಕೊಳ್ಳೋಣ. ಪ್ರಮಾಣ ವಿಚಲನೆ 0.90, ಆಲ್ಫಾ 0.70. ಒಬ್ಬರ ಅಂಕದಲ್ಲಿ ಇರಬಹುದಾದ ಅಳತೆಯ ದೋಷ ಎಷ್ಟು ಅಂತ ಇದರಿಂದ ತೆಗೆಯಬಹುದು: 1ರಿಂದ 0.70 ಕಳೆದರೆ 0.30, ಅದರ ವರ್ಗಮೂಲ 0.55, ಅದನ್ನು 0.90ರಿಂದ ಗುಣಿಸಿದರೆ 0.49. ಅಂದರೆ ಒಬ್ಬ ವಿದ್ಯಾರ್ಥಿನಿಗೆ 4.4, ಇನ್ನೊಬ್ಬಳಿಗೆ 5.0 ಬಂದರೆ ಎರಡನೆಯವಳು ಹೆಚ್ಚು ಸೌಹಾರ್ದವಳು ಅಂತ ಹೇಳಲು ಬರುವುದಿಲ್ಲ. ಇಬ್ಬರ ಅಂತರಕ್ಕೆ ಇರುವ ದೋಷವೇ 0.69ರಷ್ಟಾಗುತ್ತದೆ, ನಡುವಿನ ಅಂತರ 0.6 ಮಾತ್ರ. ಕೌನ್ಸೆಲಿಂಗ್‌ಗೆ ಯಾರನ್ನು ಕಳಿಸಬೇಕು ಅಂತ ಆರಿಸಲು ಈ ಮಾಪಕ ಬೇಡ.

ನೂರಾರು ಜನರ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವುದಿದ್ದರೆ ಇದೇ 0.70 ಕೆಲಸಕ್ಕೆ ಬರುತ್ತದೆ. ದೋಷ ಆ ಕಡೆ ಈ ಕಡೆ ಸರಿದು ಸರಾಸರಿಯಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆದರೂ ಸಹಸಂಬಂಧಗಳು ಕುಗ್ಗುತ್ತವೆ, ಅದನ್ನು ನೆನಪಿಡಬೇಕು. ಇದೇ ಡೇಟಾದಲ್ಲಿ ನ್ಯೂರಾಟಿಸಿಸಂ ಅನ್ನುವ ಮಾಪಕದ ಆಲ್ಫಾ 0.81. ಎರಡು ಆಲ್ಫಾಗಳನ್ನು ಗುಣಿಸಿ ವರ್ಗಮೂಲ ತೆಗೆದರೆ 0.75. ಈ ಎರಡು ಗುಣಗಳ ನಡುವೆ ನಿಜವಾಗಿ 0.50ರ ಸಂಬಂಧ ಇದೆ ಅಂದುಕೊಂಡರೂ ನಿಮ್ಮ ಟೇಬಲ್‌ನಲ್ಲಿ ಕಾಣುವುದು 0.38ರ ಆಸುಪಾಸು. ಚರ್ಚೆಯ ಅಧ್ಯಾಯದಲ್ಲಿ ‘ಸಂಬಂಧ ದುರ್ಬಲವಾಗಿದೆ’ ಅಂತ ಬರೆಯುವ ಮೊದಲು ಸಾಧನದ ವಿಭಾಗಕ್ಕೆ ವಾಪಸ್ ಹೋಗಿ ನೋಡಬೇಕಾದ್ದು ಇದಕ್ಕೇ.

ಉದ್ದದ ಆಟ

ಆಲ್ಫಾ ಎರಡು ವಿಷಯಗಳಿಂದ ಆಗುತ್ತದೆ: ಹೇಳಿಕೆಗಳು ಪರಸ್ಪರ ಎಷ್ಟು ಕೂಡಿಕೊಳ್ಳುತ್ತವೆ, ಮತ್ತು ಎಷ್ಟು ಹೇಳಿಕೆಗಳಿವೆ. ಎರಡನೆಯದನ್ನು ಜನ ಮರೆಯುತ್ತಾರೆ. ಸರಾಸರಿ ಸಹಸಂಬಂಧ r, ಹೇಳಿಕೆಗಳ ಸಂಖ್ಯೆ k ಅಂದರೆ ಸೂತ್ರ ಇಷ್ಟೇ:

```
alpha = k*r / (1 + (k-1)*r)
```

k = 5, r = 0.33 ಹಾಕಿ, 0.71 ಬರುತ್ತದೆ. (ಮೇಲಿನ 0.70ಗೂ ಇದಕ್ಕೂ ಚೂರು ವ್ಯತ್ಯಾಸ ಇರುವುದು, ಇದು ಎಲ್ಲ ಹೇಳಿಕೆಗಳ ವಿಚಲನೆಯನ್ನು ಒಂದೇ ಅಂತ ಇಟ್ಟುಕೊಂಡ ಲೆಕ್ಕವಾದ್ದರಿಂದ.) ಇದೇ ಗುಣಮಟ್ಟದ 10 ಹೇಳಿಕೆ ಇದ್ದರೆ 0.83. 20 ಇದ್ದರೆ 0.91. ಹೇಳಿಕೆಗಳು ಒಂದಿಷ್ಟೂ ಉತ್ತಮವಾಗಿಲ್ಲ, ಸಂಖ್ಯೆ ಜಾಸ್ತಿ ಆಗಿದೆ ಅಷ್ಟೆ. ಅದಕ್ಕೇ 40 ಹೇಳಿಕೆಗಳ ಪ್ರಶ್ನಾವಳಿಗೆ 0.88 ಬಂದರೆ ನಾನು ಖುಷಿಪಡುವುದಿಲ್ಲ. ಐದು ಹೇಳಿಕೆಗೆ 0.70 ಬಂದರೆ ಬೇಜಾರೂ ಮಾಡಿಕೊಳ್ಳುವುದಿಲ್ಲ. ಆಲ್ಫಾ ಜತೆಗೆ ಸರಾಸರಿ ಸಹಸಂಬಂಧವನ್ನೂ ಬರೆದರೆ ಓದುವವರಿಗೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ.

ಇದೇ ಸೂತ್ರದಿಂದ ಇನ್ನೂ ಒಂದು ಬಲೆ ಗೊತ್ತಾಗುತ್ತದೆ. 25 ಹೇಳಿಕೆಗಳು, ಅವುಗಳ ನಡುವಿನ ಸರಾಸರಿ ಸಹಸಂಬಂಧ ಬರೀ 0.10 ಅಂತ ಇಟ್ಟುಕೊಳ್ಳಿ. 0.10 ಅಂದರೆ ಏನೂ ಇಲ್ಲದ ಹಾಗೆ. ಆದರೂ ಆಲ್ಫಾ 0.74 ಬರುತ್ತದೆ! ಐದು ಬೇರೆಬೇರೆ ಗುಣಗಳ ಹೇಳಿಕೆಗಳನ್ನು ಒಂದೇ ರಾಶಿ ಹಾಕಿ ‘ಇಡೀ ಪ್ರಶ್ನಾವಳಿಯ ಆಲ್ಫಾ’ ಅಂತ ತೆಗೆದರೂ 0.7 ದಾಟಬಹುದು ಅಂದಾಯಿತು. ಅದು ಯಾವ ಗುಣದ ವಿಶ್ವಾಸಾರ್ಹತೆಯೂ ಅಲ್ಲ. ನಿಮ್ಮ ವಿಶ್ಲೇಷಣೆಯಲ್ಲಿ ಯಾವ ಅಂಕವನ್ನು ಬಳಸುತ್ತೀರೋ ಅದಕ್ಕೆ ಆಲ್ಫಾ ಕೊಡಬೇಕು. ಐದು ಉಪಮಾಪಕಗಳ ಅಂಕ ಬಳಸಿದರೆ ಐದು ಆಲ್ಫಾ. ಒಟ್ಟು ಮೊತ್ತವನ್ನು ಎಲ್ಲೂ ಬಳಸದಿದ್ದರೆ ಅದರ ಆಲ್ಫಾ ಬೇಡವೇ ಬೇಡ.

ಹೇಳಿಕೆಗಳೆಲ್ಲ ಒಂದೇ ಗುಣವನ್ನು ಅಳೆಯುತ್ತವೆ ಅನ್ನುವುದನ್ನು ಆಲ್ಫಾ ಸಾಬೀತು ಮಾಡುವುದಿಲ್ಲ. ಅದು ಮೊದಲೇ ಗೊತ್ತಿದೆ ಅಂತ ಇಟ್ಟುಕೊಂಡೇ ನಾವು ಆಲ್ಫಾವನ್ನು ಓದುವುದು. ಪರೀಕ್ಷಿಸಲು ಫ್ಯಾಕ್ಟರ್ ಅನಾಲಿಸಿಸ್ ಬೇಕು. ಇನ್ನೊಂದು ಊಹೆಯೂ ಇದೆ. ಎಲ್ಲ ಹೇಳಿಕೆಗಳೂ ಆ ಗುಣವನ್ನು ಸಮನಾಗಿ ಹಿಡಿಯುತ್ತವೆ ಅಂತ. ನಮ್ಮ A1 ಮತ್ತು A3 ನೋಡಿದರೆ ಅದು ಸುಳ್ಳು ಅಂತ ಗೊತ್ತಾಗುತ್ತದೆ, ಒಂದು 0.31, ಇನ್ನೊಂದು 0.59. ಇಂಥ ಕಡೆ ಈಗಿನ ಜರ್ನಲ್‌ಗಳು ಮೆಕ್‌ಡೊನಾಲ್ಡ್ ಒಮೆಗಾ ಕೇಳುತ್ತವೆ. ಅದಕ್ಕೆ ಈ ಊಹೆ ಬೇಕಿಲ್ಲ.

```
omega(A, nfactors = 1)
```

ಔಟ್‌ಪುಟ್‌ನಲ್ಲಿ Omega Total ಅನ್ನುವ ಸಾಲು ನೋಡಿ. ಇಲ್ಲಿ ಅದು ಆಲ್ಫಾದ ಆಸುಪಾಸಿನಲ್ಲೇ ಇರುತ್ತದೆ. ಎರಡೂ ಹತ್ತಿರ ಇದ್ದಾಗ ಯಾವುದನ್ನು ಬರೆದರೂ ತೀರ್ಮಾನ ಬದಲಾಗುವುದಿಲ್ಲ. ದೂರ ಇದ್ದರೆ ಒಮೆಗಾ ಬರೆಯಿರಿ.

ಯಾರ ಆಲ್ಫಾ

1951ರಲ್ಲಿ ಲೀ ಕ್ರೋನ್‌ಬ್ಯಾಕ್ ಇದಕ್ಕೆ ಆಲ್ಫಾ ಅಂತ ಹೆಸರಿಟ್ಟರು. ಇದೇ ಲೆಕ್ಕ 1945ರಲ್ಲೇ ಲೂಯಿ ಗಟ್‌ಮನ್ ಅವರ ಕೈಯಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು. ಯಾರೇ ಕೊಟ್ಟಿರಲಿ, ಅದು ಪ್ರಶ್ನಾವಳಿಗೆ ಅಂಟಿಕೊಂಡ ಗುಣ ಅಲ್ಲ. ಆ ಜನ, ಆ ಸಲ ಕೊಟ್ಟ ಉತ್ತರಗಳ ಗುಣ. 1999ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ ಕೂಡ ಇದನ್ನೇ ಹೇಳಿತು: ವಿಶ್ವಾಸಾರ್ಹತೆ ಇರುವುದು ಒಂದು ನಿರ್ದಿಷ್ಟ ಜನಸಮೂಹದ ಅಂಕಗಳಿಗೆ, ಹಾಗಾಗಿ ನಿಮ್ಮ ಡೇಟಾದ್ದನ್ನೇ ವರದಿ ಮಾಡಿ ಅಂತ. ಉತ್ತರ ಕೊಟ್ಟವರೆಲ್ಲ ಒಂದೇ ತರದವರಾದರೆ, ಉದಾಹರಣೆಗೆ ಒಂದೇ ಕಾಲೇಜಿನ ಒಂದೇ ತರಗತಿಯವರಾದರೆ, ಅಂಕಗಳು ಹತ್ತಿರಹತ್ತಿರ ಬಂದು ಆಲ್ಫಾ ಕುಗ್ಗುತ್ತದೆ. ಇಂಗ್ಲಿಷ್ ಮಾಪಕವನ್ನು ಕನ್ನಡಕ್ಕೆ ತಂದು ರಾಯಚೂರಿನ ಪಿಯು ಮಕ್ಕಳಿಗೆ ಕೊಟ್ಟ ಮೇಲೆ, ಮೂಲ ಇಂಗ್ಲಿಷ್ ಆವೃತ್ತಿಯ ಆಲ್ಫಾ ಮಾತ್ರ ಬರೆದರೆ ಅದು ಆ ಮಕ್ಕಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಳೆಯದನ್ನು ಬರೆಯಿರಿ, ಹೋಲಿಕೆಗೆ ಬೇಕು, ಪಕ್ಕದಲ್ಲಿ ನಿಮ್ಮದೂ ಇರಲಿ.

ಪೈಲಟ್ ಅಧ್ಯಯನದಲ್ಲಿ 30 ಜನರಿಂದ ತೆಗೆದ ಆಲ್ಫಾವನ್ನೇ ಮುಖ್ಯ ಅಧ್ಯಯನಕ್ಕೂ ಬರೆಯುವ ರೂಢಿಯೂ ನಮ್ಮಲ್ಲಿದೆ. 2,800 ಜನರಲ್ಲಿ ವಿಶ್ವಾಸಾಂತರ 0.69ರಿಂದ 0.72 ಅಂತ ಅಷ್ಟು ಕಿರಿದಾಗಿ ಬಂತು. 30 ಜನರಾದರೆ ಅದು ಎಷ್ಟು ಅಗಲ ಆಗುತ್ತದೆ ಅಂತ ನೀವೇ ನೋಡಿ, ಡೇಟಾದ ಯಾವುದಾದರೂ 30 ಸಾಲು ತೆಗೆದು alpha() ಓಡಿಸಿದರೆ ಸಾಕು. ಬೇರೆ 30 ಸಾಲು ತೆಗೆದು ಮತ್ತೆ ಓಡಿಸಿ. ಸಂಖ್ಯೆ ಕುಣಿಯುತ್ತದೆ.

ರಿಪೇರಿಯಾದ ಪ್ಯಾರಾ

‘ಸೌಹಾರ್ದ ಗುಣವನ್ನು ಅಳೆಯಲು 5 ಹೇಳಿಕೆಗಳ ಉಪಮಾಪಕವನ್ನು ಇಂಗ್ಲಿಷ್‌ನಲ್ಲಿ ಬಳಸಲಾಯಿತು (ಉದಾಹರಣೆ: “ಬೇರೆಯವರ ಯೋಗಕ್ಷೇಮ ವಿಚಾರಿಸುತ್ತೇನೆ”). ಉತ್ತರಗಳು 1 (ಸ್ವಲ್ಪವೂ ಹೊಂದುವುದಿಲ್ಲ) ರಿಂದ 6 (ಪೂರ್ತಿ ಹೊಂದುತ್ತದೆ) ವರೆಗೆ ಇದ್ದವು. ಋಣಾತ್ಮಕವಾಗಿ ಬರೆದ ಒಂದು ಹೇಳಿಕೆಯ (A1) ಅಂಕವನ್ನು ತಿರುಗಿಸಿ, ಐದರ ಸರಾಸರಿಯನ್ನು ಅಂಕವಾಗಿ ತೆಗೆದುಕೊಳ್ಳಲಾಯಿತು. ಹೆಚ್ಚು ಅಂಕ ಹೆಚ್ಚು ಸೌಹಾರ್ದವನ್ನು ಸೂಚಿಸುತ್ತದೆ. ಈ ಸ್ಯಾಂಪಲ್‌ನಲ್ಲಿ (ಹೇಳಿಕೆವಾರು ಉತ್ತರಿಸಿದವರು 2,773ರಿಂದ 2,784) ಕ್ರೋನ್‌ಬ್ಯಾಕ್ ಆಲ್ಫಾ 0.70, ಶೇ. 95ರ ವಿಶ್ವಾಸಾಂತರ 0.69–0.72. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ 0.33, ಪ್ರತಿ ಹೇಳಿಕೆ ಮತ್ತು ಉಳಿದವುಗಳ ಮೊತ್ತದ ಸಹಸಂಬಂಧ 0.31ರಿಂದ 0.59. A1 ಕೈಬಿಟ್ಟರೆ ಆಲ್ಫಾ 0.72 ಆಗುತ್ತಿತ್ತು, ಏರಿಕೆ ಅಲ್ಪವಾಗಿದ್ದು, ಅದು ಏಕೈಕ ಋಣಾತ್ಮಕ ಹೇಳಿಕೆಯಾದ್ದರಿಂದ ಉಳಿಸಿಕೊಳ್ಳಲಾಗಿದೆ. ಚಿಕ್ಕ ಮಾಪಕಕ್ಕೆ ಈ ಮಟ್ಟದ ಆಂತರಿಕ ಹೊಂದಾಣಿಕೆ ಗುಂಪುಗಳ ಹೋಲಿಕೆಗೆ ಸಾಕಾಗುತ್ತದೆ. ವ್ಯಕ್ತಿಗಳನ್ನು ಆರಿಸಲು ಅಥವಾ ವರ್ಗೀಕರಿಸಲು ಈ ಅಂಕಗಳನ್ನು ಬಳಸಿಲ್ಲ. ಕಾಲಾಂತರದ ಸ್ಥಿರತೆಯನ್ನು ಪರೀಕ್ಷಿಸಿಲ್ಲ.’

‘ಸಪ್ರಮಾಣ’ ಅನ್ನುವ ಪದ ಹೋಯಿತು. ಅದಕ್ಕೆ ಬೇರೆ ಪುರಾವೆ ಬೇಕು, ಬೇರೆ ಪ್ಯಾರಾ ಬೇಕು. ಕೊನೆಯ ಸಾಲನ್ನು ಬಿಡಬೇಡಿ, ಏಕೆಂದರೆ ಆಲ್ಫಾ ಒಂದೇ ಸಲದ ಉತ್ತರಗಳಿಂದ ಬರುವುದು. ಅದೇ ಜನ ತಿಂಗಳ ನಂತರ ಅದೇ ಉತ್ತರ ಕೊಡುತ್ತಾರೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಿಲ್ಲ. ಇಂಗ್ಲಿಷ್‌ನಲ್ಲಿ ಎಪಿಎ ಶೈಲಿಯಲ್ಲಿ ಬರೆಯುವವರು ಆಲ್ಫಾವನ್ನು ಎರಡು ದಶಮಾಂಶಕ್ಕೆ, ಮುಂದಿನ ಸೊನ್ನೆ ಬಿಟ್ಟು .70 ಅಂತ ಬರೆಯಬೇಕು. ನಾಲ್ಕು ದಶಮಾಂಶ ಬರೆದರೆ ನಿಖರತೆ ಹೆಚ್ಚುವುದಿಲ್ಲ.

ಇದೇ ಡೇಟಾದ ಓಪನ್‌ನೆಸ್ ಮಾಪಕವನ್ನೂ ಹೀಗೇ ಮಾಡಿ ನೋಡಿ. O2, O5 ತಿರುಗಿಸಬೇಕು. ತಿರುಗಿಸಿದ ಮೇಲೂ 0.60 ಬರುತ್ತದೆ, ಅಲ್ಲಿ ದಿಕ್ಕಿನ ದೋಷ ಉಳಿದಿಲ್ಲ. ‘ಹೊಸ ಯೋಚನೆಗಳು ತುಂಬಾ ಬರುತ್ತವೆ’ ಮತ್ತು ‘ಕಷ್ಟದ ಓದನ್ನು ತಪ್ಪಿಸುತ್ತೇನೆ’ ಎರಡೂ ಒಂದೇ ಮಾಪಕದಲ್ಲಿವೆ. ವಿಶಾಲವಾದ ಗುಣವನ್ನು ಐದೇ ಹೇಳಿಕೆಯಲ್ಲಿ ಹಿಡಿಯಲು ಹೋದರೆ ಹೀಗಾಗುತ್ತದೆ. ಅಂಥ ಕಡೆ 0.60 ಅಂತಲೇ ಬರೆದು, ಕಾರಣ ಹೇಳಿ, ಆ ಮಾಪಕದಿಂದ ಬಂದ ಸಂಬಂಧಗಳು ನಿಜಕ್ಕಿಂತ ಕಡಿಮೆ ಕಾಣುತ್ತಿರಬಹುದು ಅಂತ ಸೇರಿಸಿ. ಪರೀಕ್ಷಕರು ‘0.7 ಇಲ್ಲವಲ್ಲ’ ಅಂತ ಕೇಳೇ ಕೇಳುತ್ತಾರೆ. ಉತ್ತರಕ್ಕೆ ಸರಾಸರಿ ಸಹಸಂಬಂಧದ ಸಂಖ್ಯೆ ಇಟ್ಟುಕೊಂಡಿರಿ, ಮೇಲಿನ ಸೂತ್ರದಲ್ಲಿ k = 5, ಆಲ್ಫಾ 0.60 ಹಾಕಿದರೆ 0.23 ಸಿಗುತ್ತದೆ. ಇದೇ 0.23ಕ್ಕೆ 10 ಹೇಳಿಕೆ ಇದ್ದಿದ್ದರೆ 0.75 ಬರುತ್ತಿತ್ತು.